ಕಿಡ್ನಿಯ ಲೆಕ್ಕದಲ್ಲಿ ಸ್ನಾಯುವಿನ ಪಾಲು

ಆರೋಗ್ಯವಂತ ಯುವಕನ ಎರಡು ಕಿಡ್ನಿಗಳು ಸೇರಿ ನಿಮಿಷಕ್ಕೆ 100ರಿಂದ 120 ಮಿಲಿಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಸೋಸಿದ್ದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೇ ಮರಳುತ್ತದೆ. ಉಳಿದ ಸ್ವಲ್ಪ ಮೂತ್ರವಾಗುತ್ತದೆ. ಈ ಸೋಸುವ ವೇಗಕ್ಕೆ ವೈದ್ಯರು ಜಿಎಫ್‌ಆರ್ ಎನ್ನುತ್ತಾರೆ. ಕಿಡ್ನಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಯಿಲ್ಲ. ಆದರೆ ಇದನ್ನು ನೇರವಾಗಿ ಅಳೆಯುವುದು ದಿನನಿತ್ಯದ ಕೆಲಸವಲ್ಲ: ಕಿಡ್ನಿಯಿಂದಷ್ಟೇ ಹೊರಹೋಗುವ ಒಂದು ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿ, ಅದು ರಕ್ತದಿಂದ ಎಷ್ಟು ಬೇಗ ಮಾಯವಾಗುತ್ತದೆ ಎಂದು ಗಂಟೆಗಟ್ಟಲೆ ನೋಡಬೇಕು. ಹಾಗಾಗಿ ಲ್ಯಾಬ್ ವರದಿಯಲ್ಲಿ ಅಚ್ಚಾಗುವುದು ಅಳೆದ ಸಂಖ್ಯೆಯಲ್ಲ, ಇಜಿಎಫ್‌ಆರ್ ಎಂಬ ಅಂದಾಜು. ಆ ಅಂದಾಜಿಗೆ ಆಧಾರ ಕ್ರಿಯಾಟಿನಿನ್.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯುಗಳು ದಿಢೀರ್ ಶಕ್ತಿಗಾಗಿ ಕ್ರಿಯಾಟಿನ್ ಎಂಬ ವಸ್ತುವನ್ನು ಕೂಡಿಟ್ಟುಕೊಂಡಿರುತ್ತವೆ. ಈ ದಾಸ್ತಾನಿನ ನೂರರಲ್ಲಿ ಒಂದೆರಡು ಪಾಲು ದಿನವೂ ತಾನಾಗಿಯೇ ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ. ದೇಹಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಒಬ್ಬ ವ್ಯಕ್ತಿಯ ಸ್ನಾಯು ಇಂದಿನಿಂದ ನಾಳೆಗೆ ಬದಲಾಗುವುದಿಲ್ಲವಾದ್ದರಿಂದ ಉತ್ಪತ್ತಿ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಕಿಡ್ನಿ ನಿಧಾನವಾದರೆ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಾ ಹೋಗಿ, ಹುಟ್ಟಿದಷ್ಟೇ ಹೊರಹೋಗುವ ಒಂದು ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ಸೋಸುವಿಕೆ ಅರ್ಧಕ್ಕಿಳಿದರೆ ರಕ್ತದ ಕ್ರಿಯಾಟಿನಿನ್ ಸುಮಾರು ಎರಡರಷ್ಟಾಗುತ್ತದೆ.

ಅಂದರೆ ರಕ್ತದಲ್ಲಿನ ಮಟ್ಟವನ್ನು ನಿರ್ಧರಿಸುವವರು ಇಬ್ಬರು: ಉತ್ಪಾದಿಸುವ ಸ್ನಾಯು ಮತ್ತು ಹೊರಹಾಕುವ ಕಿಡ್ನಿ. ರಕ್ತಪರೀಕ್ಷೆಯಲ್ಲಿ ಸಿಗುವುದು ಇವೆರಡರ ಒಟ್ಟು ಫಲ ಮಾತ್ರ. ಕಿಡ್ನಿಯ ಪಾಲು ಎಷ್ಟೆಂದು ಬಿಡಿಸಬೇಕಾದರೆ ಸ್ನಾಯುವಿನ ಪಾಲು ಗೊತ್ತಿರಬೇಕು. ಅದನ್ನು ಯಾರೂ ಅಳೆಯುವುದಿಲ್ಲ, ಊಹಿಸುತ್ತಾರೆ. ಇಜಿಎಫ್‌ಆರ್‌ನ ಎಲ್ಲ ತಾಪತ್ರಯಗಳೂ ಶುರುವಾಗುವುದು ಇಲ್ಲಿಂದಲೇ.

ಊಹೆ ಮಾಡುವುದು ಒಂದು ಸೂತ್ರ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ವಯಸ್ಸಿನ ಜೊತೆಗೆ ದೇಹದ ತೂಕವೂ ಇತ್ತು. 1999ರಲ್ಲಿ ಎಂಡಿಆರ್‌ಡಿ, 2009ರಲ್ಲಿ ಸಿಕೆಡಿ-ಎಪಿ ಎಂಬ ಸೂತ್ರಗಳು ಬಂದವು. ಎರಡನೆಯದರ 2021ರ ಪರಿಷ್ಕೃತ ರೂಪ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಅದು ಕೇಳುವುದು ಮೂರೇ ಸಂಗತಿ: ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹೆಂಗಸರಿಗೆ ಸರಾಸರಿಯಲ್ಲಿ ಸ್ನಾಯು ಕಡಿಮೆ ಎಂಬ ಲೆಕ್ಕ ಅದರೊಳಗೇ ಅಡಗಿದೆ. ಆದರೆ ಎದುರಿಗೆ ಕುಳಿತವರು ತಮ್ಮ ವಯಸ್ಸಿನ ಸರಾಸರಿ ಮೈಕಟ್ಟಿನವರೇ ಅಲ್ಲವೇ ಎಂಬುದು ಅದಕ್ಕೆ ತಿಳಿಯದು. ಸರಾಸರಿಯವರಲ್ಲೂ ಅದು ಕರಾರುವಾಕ್ಕೇನಲ್ಲ: ನೂರರಲ್ಲಿ ಹತ್ತರಿಂದ ಹದಿನೈದು ಜನರಲ್ಲಿ ಅಂದಾಜಿಗೂ ನಿಜಕ್ಕೂ ಶೇ 30ಕ್ಕಿಂತ ಹೆಚ್ಚಿನ ಅಂತರವಿರುತ್ತದೆ.

ಸರಾಸರಿಯಿಂದ ಎರಡು ದಿಕ್ಕಿಗೆ ಸರಿದ ಇಬ್ಬರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಒಬ್ಬ 30 ವರ್ಷದ ಯುವಕ. ವರ್ಷಗಟ್ಟಲೆ ಜಿಮ್ಮಿನಲ್ಲಿ ಭಾರ ಎತ್ತಿ ಬೆಳೆಸಿದ ಮೈ, 90 ಕೆಜಿ ತೂಕ, ಕ್ರಿಯಾಟಿನಿನ್ 1.6. ಇನ್ನೊಬ್ಬರು 80 ವರ್ಷದ ಅಜ್ಜಿ. ಸಕ್ಕರೆ ಕಾಯಿಲೆಯಿದೆ, ಊಟ ಕಡಿಮೆಯಾಗಿ ಮೈ ಇಳಿದಿದೆ, ತೂಕ 38 ಕೆಜಿ, ಕ್ರಿಯಾಟಿನಿನ್ 0.7. 2021ರ ಸೂತ್ರ ಯುವಕನಿಗೆ 59 ಎನ್ನುತ್ತದೆ, ಅಜ್ಜಿಗೆ 87. ಮೂರು ತಿಂಗಳು 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಕರೆಯುವುದು ರೂಢಿ. ವರದಿಯನ್ನಷ್ಟೇ ನೋಡಿದರೆ ಹುಡುಗ ರೋಗಿ, ಅಜ್ಜಿ ಗಟ್ಟಿಗಿತ್ತಿ.

ಇಬ್ಬರ 24 ಗಂಟೆಗಳ ಮೂತ್ರವನ್ನೂ ಸಂಗ್ರಹಿಸಿ ಅದರಲ್ಲಿನ ಕ್ರಿಯಾಟಿನಿನ್ ಅಳೆದರೆ ಚಿತ್ರ ತಲೆಕೆಳಗಾಗುತ್ತದೆ. ಯುವಕ ದಿನಕ್ಕೆ 2,400 ಮಿಲಿಗ್ರಾಂ ಹೊರಹಾಕುತ್ತಾನೆ ಎಂದುಕೊಳ್ಳೋಣ. ಅಷ್ಟು ಸ್ನಾಯು ಇರುವವರಲ್ಲಿ ಅದು ಸಹಜ. ನಿಮಿಷದ ಲೆಕ್ಕಕ್ಕೆ ಅದು 1.67 ಮಿಲಿಗ್ರಾಂ. ಅವನ ರಕ್ತದ ಒಂದೊಂದು ಮಿಲಿಲೀಟರಿನಲ್ಲೂ 0.016 ಮಿಲಿಗ್ರಾಂ ಕ್ರಿಯಾಟಿನಿನ್ ಇದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಿಮಿಷಕ್ಕೆ 104 ಮಿಲಿಲೀಟರ್ ರಕ್ತ ಶುದ್ಧಿಯಾಗುತ್ತಿದೆ ಎಂದಾಯಿತು. ಅಜ್ಜಿಯ ಮೈಯಲ್ಲಿ ದಿನಕ್ಕೆ ಹುಟ್ಟುವುದೇ 420 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಅದೇ ಭಾಗಾಕಾರದಲ್ಲಿ ಸಿಗುವುದು 42. ಯುವಕನ ಕಿಡ್ನಿಗೆ ಏನೂ ಆಗಿಲ್ಲ, ಅದಕ್ಕೆ ಬರುವ ಹೊರೆಯೇ ಹೆಚ್ಚು. ಅಜ್ಜಿಯ ಕಿಡ್ನಿ ಸೋತಿದೆ, ಆದರೆ ಹೊರೆಯೂ ಕುಗ್ಗಿರುವುದರಿಂದ ಸೋಲು ರಕ್ತದಲ್ಲಿ ಕಾಣುತ್ತಿಲ್ಲ.

ಈ ಮೂತ್ರ ಸಂಗ್ರಹಕ್ಕೂ ಮಿತಿಗಳಿವೆ. ಕಿಡ್ನಿ ಕ್ರಿಯಾಟಿನಿನ್ ಅನ್ನು ಸೋಸುವುದಲ್ಲದೆ ನಾಳಗಳ ಗೋಡೆಯಿಂದಲೂ ಸ್ವಲ್ಪ ಹೊರತಳ್ಳುತ್ತದೆ. ಅದರಿಂದ ಫಲಿತಾಂಶ ನಿಜಕ್ಕಿಂತ ಹೆಚ್ಚು ಬರುತ್ತದೆ. ಇಡೀ ದಿನದ ಮೂತ್ರವನ್ನು ಒಂದು ಸಲವೂ ತಪ್ಪಿಸದೆ ಕ್ಯಾನಿಗೆ ತುಂಬಿಸುವವರು ಕಡಿಮೆ, ವಯಸ್ಸಾದವರಲ್ಲಂತೂ ಇನ್ನೂ ಕಡಿಮೆ. ಆದ್ದರಿಂದ ಈಗ ವೈದ್ಯರು ಹೆಚ್ಚಾಗಿ ಕೇಳುವುದು ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆಯನ್ನು. ಇದೊಂದು ಸಣ್ಣ ಪ್ರೋಟೀನು. ಸ್ನಾಯುವಷ್ಟೇ ಅಲ್ಲ, ನ್ಯೂಕ್ಲಿಯಸ್ ಇರುವ ಎಲ್ಲ ಜೀವಕೋಶಗಳೂ ಇದನ್ನು ತಯಾರಿಸುತ್ತವೆ. ಹಾಗಾಗಿ ತೋಳು ತೊಡೆಗಳ ಗಾತ್ರಕ್ಕೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಯುವಕನಲ್ಲಿ ಇದು 0.9, ಅಜ್ಜಿಯಲ್ಲಿ 1.4 ಬಂದರೆ, ಎರಡು ಪರೀಕ್ಷೆಗಳನ್ನೂ ಸೇರಿಸಿ ಲೆಕ್ಕ ಹಾಕುವ 2021ರ ಸೂತ್ರದಲ್ಲಿ ಯುವಕ 80ಕ್ಕೆ ಏರುತ್ತಾನೆ, ಅಜ್ಜಿ 62ಕ್ಕೆ ಇಳಿಯುತ್ತಾರೆ.

ಸಿಸ್ಟಾಟಿನ್ ಕೂಡ ಅಪರಂಜಿಯಲ್ಲ. ಥೈರಾಯ್ಡ್ ತೊಂದರೆ, ಸ್ಟಿರಾಯ್ಡ್ ಮಾತ್ರೆ, ಬೊಜ್ಜು, ಧೂಮಪಾನ, ಮೈಯಲ್ಲಿನ ಉರಿಯೂತ ಇವೆಲ್ಲ ಅದನ್ನು ಅಲುಗಿಸುತ್ತವೆ. ಎರಡು ಪರೀಕ್ಷೆಗಳ ತಪ್ಪಿನ ಮೂಲಗಳು ಬೇರೆಬೇರೆ. ಸೇರಿಸಿದಾಗ ತಪ್ಪು ಕಡಿಮೆಯಾಗುವುದು ಈ ಕಾರಣಕ್ಕೆ. ಪರೀಕ್ಷೆಯ ಬೆಲೆ ಕ್ರಿಯಾಟಿನಿನ್‌ಗಿಂತ ಹೆಚ್ಚು, ಎಲ್ಲ ಲ್ಯಾಬುಗಳಲ್ಲೂ ಆಗುವುದಿಲ್ಲ.

ಅಜ್ಜಿಯ 62ಕ್ಕೂ ಮೂತ್ರದ ಲೆಕ್ಕದಲ್ಲಿ ಸಿಕ್ಕ 42ಕ್ಕೂ ಇನ್ನೂ ದೂರವಿದೆಯಲ್ಲ ಎನಿಸಬಹುದು. ಅದರ ಗುಟ್ಟು ವರದಿಯಲ್ಲಿ ಇಜಿಎಫ್‌ಆರ್ ಪಕ್ಕದಲ್ಲೇ ಚಿಕ್ಕದಾಗಿ ಅಚ್ಚಾಗಿರುವ 1.73 ಚದರ ಮೀಟರಿನಲ್ಲಿದೆ. ಇಜಿಎಫ್‌ಆರ್ ಎಂಬುದು ಇಷ್ಟು ಮೈಚರ್ಮದ ವಿಸ್ತೀರ್ಣವಿರುವವರಿಗೆ ಹೊಂದಿಸಿದ ಸಂಖ್ಯೆ. 1920ರ ದಶಕದಲ್ಲಿ ಅಮೆರಿಕದ ತರುಣ ವಯಸ್ಕರ ಸರಾಸರಿ ಅದಾಗಿತ್ತು. 145 ಸೆಂಟಿಮೀಟರ್ ಎತ್ತರದ, 38 ಕೆಜಿಯ ಅಜ್ಜಿಯ ವಿಸ್ತೀರ್ಣ ಸುಮಾರು 1.24. ಅವರ ಸ್ವಂತ ಮೈಗೆ ತಕ್ಕಂತೆ ತಿರುಗಿಸಿದರೆ 62 ಎಂಬುದು 44 ಆಗುತ್ತದೆ, 42ರ ಹತ್ತಿರಕ್ಕೇ ಬರುತ್ತದೆ. ಕಾಯಿಲೆಯ ಹಂತ ಗುರುತಿಸಲು ಹೊಂದಿಸಿದ ಸಂಖ್ಯೆ ಸರಿ. ಔಷಧದ ಪ್ರಮಾಣ ನಿರ್ಧರಿಸುವಾಗ ಮಾತ್ರ, ಮೈ ತೀರಾ ಚಿಕ್ಕದಾಗಿದ್ದರೆ ಅಥವಾ ತೀರಾ ದೊಡ್ಡದಾಗಿದ್ದರೆ, ಹೀಗೆ ತಿರುಗಿಸಿ ನೋಡಬೇಕಾಗುತ್ತದೆ.

ತಪ್ಪು ಎಣಿಕೆ ನಿಜವಾಗಿ ಕಾಡುವುದು ಔಷಧದಲ್ಲೇ. ಅಜ್ಜಿಗೆ ಕಾಲುರಿಗೆಂದು ಗ್ಯಾಬಪೆಂಟಿನ್ ಬರೆದಿದ್ದಾರೆ ಎನ್ನೋಣ. ಈ ಮಾತ್ರೆ ಪೂರ್ತಿಯಾಗಿ ಕಿಡ್ನಿಯಿಂದಲೇ ಹೊರಹೋಗಬೇಕು. ಸೋಸುವಿಕೆ 60 ಅಥವಾ ಹೆಚ್ಚಿದ್ದರೆ ದಿನಕ್ಕೆ 3,600 ಮಿಲಿಗ್ರಾಂವರೆಗೆ ಕೊಡಬಹುದು. 30ರಿಂದ 59ರ ನಡುವೆ ಇದ್ದರೆ ಮಿತಿ 1,400. ವರದಿಯ 87 ನಂಬಿ ಪ್ರಮಾಣ ಏರಿಸುತ್ತಾ ಹೋದರೆ ಔಷಧ ಮೈಯಲ್ಲೇ ಉಳಿಯತೊಡಗುತ್ತದೆ. ಮಂಪರು, ತೂರಾಟ, ಮಾತಿನಲ್ಲಿ ಗೊಂದಲ ಕಾಣಿಸಿಕೊಳ್ಳುತ್ತವೆ. ಮನೆಯವರು ಅದನ್ನು ವಯಸ್ಸಿನ ಮರೆವು ಎಂದುಕೊಳ್ಳುತ್ತಾರೆ. ಕೊನೆಗೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಕಾರಣವೆಂದು ಕಿಡ್ನಿಯ ಹೆಸರು ಯಾರಿಗೂ ಹೊಳೆಯುವುದಿಲ್ಲ.

ಕೃಶವಾದವರಲ್ಲಿ ಇನ್ನೊಂದು ಮೋಸವಿದೆ. ದೀರ್ಘಕಾಲ ಹಾಸಿಗೆ ಹಿಡಿದವರು, ಐಸಿಯುವಿನಲ್ಲಿ ವಾರಗಟ್ಟಲೆ ಇದ್ದವರು, ಲಿವರ್ ಸಿರೋಸಿಸ್ ಆದವರು, ಕಾಲು ಕತ್ತರಿಸಿಕೊಂಡವರು ಇವರಲ್ಲಿ ಸ್ನಾಯು ಕಡಿಮೆಯಾದಂತೆ ಕ್ರಿಯಾಟಿನಿನ್ ಕೂಡ ಇಳಿಯುತ್ತದೆ. ಕಾಗದದ ಮೇಲೆ ಕಿಡ್ನಿ ಸುಧಾರಿಸುತ್ತಿರುವಂತೆ ಕಾಣುತ್ತದೆ. ತೂಕವೂ ಕ್ರಿಯಾಟಿನಿನ್ನೂ ಜೊತೆಜೊತೆಗೆ ಇಳಿಯುತ್ತಿದ್ದರೆ ಅದು ಸುಧಾರಣೆಯೆಂದು ನಂಬದಿರುವುದೇ ಕ್ಷೇಮ. ಮಾಂಸ ತಿನ್ನದವರಲ್ಲೂ ಕ್ರಿಯಾಟಿನಿನ್ ಸ್ವಲ್ಪ ಕಡಿಮೆಯೇ ಇರುತ್ತದೆ. ಈ ಸೂತ್ರಗಳನ್ನು ರೂಪಿಸಿದ್ದು ಮುಖ್ಯವಾಗಿ ಅಮೆರಿಕದ ಬಿಳಿಯ ಮತ್ತು ಕಪ್ಪು ಜನರ ಅಳತೆಗಳಿಂದ. ಪಾಕಿಸ್ತಾನದ ಸಂಶೋಧಕರು 2014ರಲ್ಲಿ ತಮ್ಮ ಜನರಿಗೆಂದು 2009ರ ಸೂತ್ರವನ್ನು ತಿದ್ದಿದಾಗ ಅದರ 90 ಸುಮಾರು 80ಕ್ಕೆ ಇಳಿಯಿತು. ಮೈಕಟ್ಟಿನಲ್ಲೂ ಊಟದಲ್ಲೂ ಅಮೆರಿಕಕ್ಕಿಂತ ಅವರಿಗೇ ಹತ್ತಿರವಿರುವ ನಮ್ಮವರು ಇದನ್ನು ಗಮನಿಸಬೇಕು.

ಯುವಕನ ವಿಷಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಆಹಾರ ಮತ್ತು ಡಬ್ಬಿಯ ಪುಡಿಗಳನ್ನು. ಜಿಮ್ಮುಗಳಲ್ಲಿ ಮಾರುವ ಕ್ರಿಯಾಟಿನ್ ಪುಡಿ ಸೋಸುವಿಕೆಯನ್ನು ಮುಟ್ಟದೆಯೂ ರಕ್ತದ ಕ್ರಿಯಾಟಿನಿನ್ ಏರಿಸಬಲ್ಲದು. ಬೇಯಿಸಿದ ಮಾಂಸದ ಊಟ ಕೆಲವು ಗಂಟೆಗಳ ಮಟ್ಟಿಗೆ ಅದನ್ನೇ ಮಾಡುತ್ತದೆ. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಮಾತ್ರೆಗಳು ನಾಳಗಳ ಹೊರತಳ್ಳುವಿಕೆಯನ್ನು ತಡೆದು ಸಂಖ್ಯೆ ಏರಿಸುತ್ತವೆ. ಪುಡಿಯನ್ನು ಕೆಲವು ವಾರ ನಿಲ್ಲಿಸಿ, ಹಿಂದಿನ ದಿನ ಮಾಂಸವನ್ನೂ ಕಠಿಣ ವ್ಯಾಯಾಮವನ್ನೂ ಬಿಟ್ಟು ಮತ್ತೆ ರಕ್ತ ಕೊಟ್ಟರೆ ಎಷ್ಟೋ ಸಲ ಗಾಬರಿ ಅಲ್ಲಿಗೇ ಮುಗಿಯುತ್ತದೆ. ಆದರೆ ಎಲ್ಲವನ್ನೂ ಜಿಮ್ಮಿನ ತಲೆಗೆ ಕಟ್ಟುವಂತಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದ್ದರೆ, ಬಿಪಿ ಹೆಚ್ಚಿದ್ದರೆ, ಕ್ರಿಯಾಟಿನಿನ್ ಒಂದೇ ಕಡೆ ನಿಲ್ಲದೆ ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಿದ್ದರೆ, ಮೈಕಟ್ಟು ಎಂಥದ್ದೇ ಇರಲಿ, ಕಿಡ್ನಿಯನ್ನೇ ಶಂಕಿಸಬೇಕು. ಮೂತ್ರದ ಅಲ್ಬುಮಿನ್ ಪರೀಕ್ಷೆ ಅಗ್ಗ, ಅದರಿಂದ ಸಿಗುವ ಮಾಹಿತಿ ದೊಡ್ಡದು. ಅಜ್ಜಿಯಂಥ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಿಸಬೇಕೆಂಬುದಕ್ಕೆ ಇದೂ ಒಂದು ಕಾರಣ.

ಕೆಲವು ನಿರ್ಧಾರಗಳಿಗೆ ಯಾವ ಅಂದಾಜೂ ಸಾಲದು. ಒಬ್ಬರು ತಮ್ಮ ಒಂದು ಕಿಡ್ನಿ ದಾನ ಮಾಡಲು ಮುಂದೆ ಬಂದಾಗ, ಅಥವಾ ಕಾರ್ಬೊಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧದ ಪ್ರಮಾಣವನ್ನು ಜಿಎಫ್‌ಆರ್ ಮೇಲೆಯೇ ಲೆಕ್ಕ ಹಾಕುವಾಗ, ನೇರವಾಗಿ ಅಳೆಯುವುದೇ ದಾರಿ. ಅಯೋಹೆಕ್ಸಾಲ್ ಚುಚ್ಚಿ ನಿಗದಿತ ಹೊತ್ತಿಗೆ ಹಲವು ಸಲ ರಕ್ತ ತೆಗೆದು ನೋಡುವುದು ಒಂದು ವಿಧಾನ. ವಿಕಿರಣ ಸೂಸುವ ಡಿಟಿಪಿಎ ಚುಚ್ಚುವುದು ಇನ್ನೊಂದು. ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ದಾನಿಗಳಿಗೆ ಸಾಮಾನ್ಯವಾಗಿ ಮಾಡುವುದು ಇದನ್ನೇ. ಕ್ಯಾಮೆರಾದ ಚಿತ್ರದಿಂದ ಎಡ ಬಲ ಕಿಡ್ನಿಗಳ ಪಾಲನ್ನು ಬೇರೆಬೇರೆಯಾಗಿ ಹೇಳಬಹುದು ಎಂಬುದು ಅದರ ಅನುಕೂಲ. ಆದರೆ ಒಟ್ಟು ಜಿಎಫ್‌ಆರ್ ನಿಖರವಾಗಿ ಬೇಕಿದ್ದರೆ ಚಿತ್ರವೊಂದೇ ಸಾಲದು, ಇಲ್ಲೂ ರಕ್ತದ ಮಾದರಿಗಳನ್ನು ತೆಗೆದೇ ಲೆಕ್ಕ ಹಾಕಬೇಕು.