ಐಸಿಯುನಲ್ಲಿ ಥೈರಾಯ್ಡ್ ರಿಪೋರ್ಟ್ ಏರುಪೇರಾದರೆ ಅದು ಥೈರಾಯ್ಡ್ ಕಾಯಿಲೆಯೇ?

ಊರಿನಿಂದ ಬಂದ ಅಪ್ಪನನ್ನೋ ಅತ್ತೆಯನ್ನೋ ಪುಣೆ, ಮುಂಬೈಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಲ್ಯಾಬ್ ರಿಪೋರ್ಟ್ ಈಗ ನಿಮ್ಮ ಮೊಬೈಲಿಗೇ ಬರುತ್ತದೆ. ಥೈರಾಯ್ಡ್ ಸಾಲುಗಳ ಮುಂದೆ ಕೆಂಪು ಗುರುತು ಕಂಡರೆ ಮನೆಯವರಿಗೆ ಗಾಬರಿ. "ಇವರಿಗೆ ಥೈರಾಯ್ಡ್ ಇರಲೇ ಇಲ್ಲವಲ್ಲ ಡಾಕ್ಟ್ರೇ, ಮಾತ್ರೆ ಯಾಕೆ ಶುರು ಮಾಡಿಲ್ಲ?" ಎಂದು ಹೃದ್ರೋಗ ವಿಭಾಗದಲ್ಲಿ ನನ್ನನ್ನು ಆಗಾಗ ಕೇಳುತ್ತಾರೆ.

ಒಂದು ಉದಾಹರಣೆ ನೋಡೋಣ. 68 ವರ್ಷದ ಹಿರಿಯರು. ಹಾರ್ಟ್ ಫೇಲ್ಯೂರ್ ಜೊತೆಗೆ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾರೆ. ಮೂರನೇ ದಿನದ ರಿಪೋರ್ಟಿನಲ್ಲಿ ಟಿ3 45 ಇದೆ (ನಾರ್ಮಲ್ ಸುಮಾರು 80ರಿಂದ 200). ಟಿ4 5.4, ಅಂದರೆ ನಾರ್ಮಲ್‌ನ ಕೆಳಗಿನ ಅಂಚಿನಲ್ಲಿದೆ. ಟಿಎಸ್‌ಎಚ್ 0.3 (ನಾರ್ಮಲ್ ಸುಮಾರು 0.4ರಿಂದ 4). ಇದಕ್ಕೆ *ಸಿಕ್ ಯೂಥೈರಾಯ್ಡ್ ಸಿಂಡ್ರೋಮ್* ಎನ್ನುತ್ತೇವೆ. ಅಂದರೆ ಮನುಷ್ಯನಿಗೆ ಕಾಯಿಲೆಯಿದೆ, ಆದರೆ ಥೈರಾಯ್ಡ್ ಗ್ರಂಥಿ ಸರಿಯಾಗಿದೆ.

*ಹಾಗಾದರೆ ಟಿ3 ಇಳಿದದ್ದು ಯಾಕೆ?*
ಗ್ರಂಥಿ ಮುಖ್ಯವಾಗಿ ತಯಾರಿಸುವುದು ಟಿ4. ಅದು ಗೋದಾಮಿನ ದಾಸ್ತಾನಿದ್ದಂತೆ. ಲಿವರ್ ಮುಂತಾದ ಅಂಗಗಳು ಅದರಿಂದ ಒಂದು ಅಯೋಡಿನ್ ಪರಮಾಣುವನ್ನು ತೆಗೆದು ಟಿ3 ಮಾಡಿಕೊಳ್ಳುತ್ತವೆ. ದೇಹದಲ್ಲಿ ಹೆಚ್ಚಿನ ಕೆಲಸ ಮಾಡುವುದು ಈ ಟಿ3. ಜೋರು ಸೋಂಕು, ಹೃದಯಾಘಾತ, ದೊಡ್ಡ ಆಪರೇಷನ್, ಅಥವಾ ಕೆಲವು ದಿನ ಊಟ ಸೇರದಿದ್ದಾಗ ಈ ಪರಿವರ್ತನೆ ನಿಧಾನವಾಗುತ್ತದೆ. ಟಿ4ನ ಒಂದು ಪಾಲು ರಿವರ್ಸ್ ಟಿ3 ಎಂಬ, ಕೆಲಸಕ್ಕೆ ಬಾರದ ರೂಪಕ್ಕೆ ತಿರುಗುತ್ತದೆ. ಮೆದುಳು ಕೂಡ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಐಸಿಯುನಲ್ಲಿ ಕೊಡುವ ಡೋಪಮೈನ್, ಸ್ಟೀರಾಯ್ಡ್ ಔಷಧಿಗಳು ಅದನ್ನು ಇನ್ನಷ್ಟು ತಗ್ಗಿಸುತ್ತವೆ.

ಗ್ರಂಥಿಯೇ ಸೋತಿದ್ದರೆ ಟಿ4 ಇಳಿದಂತೆ ಟಿಎಸ್‌ಎಚ್ ಚೆನ್ನಾಗಿ ಏರಬೇಕಿತ್ತು. ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಟಿ3, ಟಿ4 ಹೆಚ್ಚಿರಬೇಕಿತ್ತು. ಈ ಹಿರಿಯರಲ್ಲಿ ಎರಡೂ ಇಲ್ಲ.

*ಮಾತ್ರೆ ಕೊಟ್ಟು ನಂಬರ್ ಸರಿಮಾಡಿದರೆ ಏನು ತಪ್ಪು?*
ಥೈರಾಯ್ಡ್ ಹಾರ್ಮೋನು ಹೃದಯದ ಬಡಿತ ಹೆಚ್ಚಿಸುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕವನ್ನೂ ಹೆಚ್ಚಿಸುತ್ತದೆ. ಮೊದಲೇ ದಣಿದ ಹೃದಯಕ್ಕೆ ಇದು ಹೆಚ್ಚುವರಿ ಹೊರೆ. ಬಡಿತದ ಲಯವೂ ತಪ್ಪಬಹುದು. ತೀವ್ರ ಕಾಯಿಲೆಯವರಿಗೆ ಹಾರ್ಮೋನು ಕೊಟ್ಟು ನೋಡಿದ ಅಧ್ಯಯನಗಳಲ್ಲಿ ನಂಬರ್ ಸುಧಾರಿಸಿದರೂ ಹೆಚ್ಚು ಜನ ಬದುಕುಳಿದರು ಎಂದು ಸಾಬೀತಾಗಿಲ್ಲ. ಟಿ3 ತುಂಬಾ ಕಡಿಮೆಯಿದ್ದರೆ ಕಾಯಿಲೆ ಜೋರಾಗಿದೆ ಎಂದರ್ಥ, ನಿಜ. ಆದರೆ ಚಿಕಿತ್ಸೆ ಬೇಕಾಗಿರುವುದು ಆ ಕಾಯಿಲೆಗೆ.

*ಇನ್ನೊಂದು ಗೊಂದಲ ಡಿಸ್ಚಾರ್ಜ್ ಆದ ಮೇಲೆ*
ನಮ್ಮ ಹಿರಿಯರು ಮನೆಗೆ ಹೋದರು. ಎರಡು ವಾರದ ನಂತರ ಯಾರೋ ಹೇಳಿದರೆಂದು ಮತ್ತೆ ಟೆಸ್ಟ್ ಮಾಡಿಸಿದರೆ ಟಿಎಸ್‌ಎಚ್ 9 ಬಂತು. ಈಗ ಎಲ್ಲರೂ "ಹೈಪೋಥೈರಾಯ್ಡ್" ಎನ್ನುತ್ತಾರೆ. ಆದರೆ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾತ್ಕಾಲಿಕವಾಗಿ ಮೇಲೇರುತ್ತದೆ, ಕೆಲವರಲ್ಲಿ 20ರ ಹತ್ತಿರಕ್ಕೂ ಹೋಗುತ್ತದೆ. ಪೂರ್ತಿ ಚೇತರಿಸಿಕೊಂಡ ಮೇಲೆ, ಕನಿಷ್ಠ 6 ವಾರ ಬಿಟ್ಟು ನೋಡಿದಾಗ ಟಿಎಸ್‌ಎಚ್ 2.6. ಎರಡನೇ ವಾರದಲ್ಲೇ ಮಾತ್ರೆ ಶುರುವಾಗಿದ್ದರೆ ಈ 2.6 ಮಾತ್ರೆಯಿಂದ ಬಂತೆಂದು ನಂಬಿ, ಬೇಡದ ಔಷಧಿಯನ್ನು ಜೀವನಪೂರ್ತಿ ನುಂಗಬೇಕಾಗುತ್ತಿತ್ತು.

*ಆದರೆ ಇವುಗಳನ್ನು ಕಡೆಗಣಿಸಬೇಡಿ*
ಮೊದಲಿನಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಅದನ್ನು ನಿಲ್ಲಿಸಬಾರದು. ಅಡ್ಮಿಟ್ ಆಗುವಾಗಲೇ ಮಾತ್ರೆಯ ಹೆಸರು, ಡೋಸ್ ಹೇಳಿ. ಕುತ್ತಿಗೆಯ ಆಪರೇಷನ್, ಗಳಗಂಡ, ರೇಡಿಯೋ ಅಯೋಡಿನ್ ಚಿಕಿತ್ಸೆ ಆಗಿದ್ದರೂ ತಿಳಿಸಿ. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್ ಮಾತ್ರೆಯಲ್ಲಿ ಅಯೋಡಿನ್ ತುಂಬಾ ಇರುತ್ತದೆ; ಅದರಿಂದ ನಿಜವಾದ ಥೈರಾಯ್ಡ್ ತೊಂದರೆ ಬರಬಹುದು. ಟಿಎಸ್‌ಎಚ್ 20 ದಾಟಿ ಟಿ4 ಕಡಿಮೆಯಾಗಿದ್ದು, ನಾಡಿ ನಿಧಾನ, ಮೈ ತಣ್ಣಗೆ, ಅತಿಯಾದ ಮಂಪರು ಇದ್ದರೆ, ಅಥವಾ ಟಿಎಸ್‌ಎಚ್ ಬಹುತೇಕ ಸೊನ್ನೆಯಾಗಿ ಟಿ4 ಹೆಚ್ಚಿದ್ದರೆ, ಅದು ಬೇರೆಯೇ ವಿಷಯ. ಅಲ್ಲಿ ಎಂಡೋಕ್ರೈನಾಲಜಿಸ್ಟ್ ತಕ್ಷಣ ನೋಡಬೇಕು.

ನಿಮ್ಮ ಮನೆಯವರಿಗೆ ಐಸಿಯುನಲ್ಲಿ ಹೊಸದಾಗಿ ಥೈರಾಯ್ಡ್ ಮಾತ್ರೆ ಶುರುವಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. "ಇದು ಕಾಯಿಲೆಯಿಂದ ಬಂದ ಏರುಪೇರೋ, ಗ್ರಂಥಿಯ ತೊಂದರೆಯೋ? ಮುಂದೆ ಯಾವಾಗ ಟೆಸ್ಟ್ ಮಾಡಿಸಬೇಕು?" ಎಂದು ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಊರಿಗೆ ಮರಳಿದ ಮೇಲೆ ಅಲ್ಲಿನ ಡಾಕ್ಟರಿಗೆ ಅದೇ ದಾರಿ ತೋರಿಸುತ್ತದೆ.