ಜೋಡಿಸಿಟ್ಟ ಪಟ್ಟಿಗೇ ಹೆಚ್ಚು ಕೆಲಸ

2014ರ ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ, ನೋಡಿದರೆ ಮಕ್ಕಳಾಟಿಕೆ ಎನಿಸುವ ಪ್ರಶ್ನೆಯೊಂದಿತ್ತು. ಎರಡು ಪಟ್ಟಿಗಳು: ಒಂದು 1, 2, 3, 4, 5, ಇನ್ನೊಂದು 4, 1, 5, 3, 2. ಮೊದಲ ಸಂಖ್ಯೆಯನ್ನೇ ಪಿವಟ್ ಆಗಿ ಹಿಡಿಯುವ ಕ್ವಿಕ್‌ಸಾರ್ಟ್ ಇವನ್ನು ಏರಿಕೆಯ ಕ್ರಮಕ್ಕೆ ತಂದರೆ ಯಾವುದಕ್ಕೆ ಹೆಚ್ಚು ಹೋಲಿಕೆ ಬೇಕು?

ಮೊದಲನೆಯದು ಆಗಲೇ ಕ್ರಮದಲ್ಲಿದೆಯಲ್ಲ, ಅದಕ್ಕೇನು ಕೆಲಸ ಎಂದುಕೊಂಡವರು ಅಂಕ ಕಳೆದುಕೊಂಡರು. ಹೆಚ್ಚು ದುಡಿಮೆ ಬೇಡುವುದು ಅದೇ.

ಕ್ವಿಕ್‌ಸಾರ್ಟ್ ರೂಪಿಸಿದವರು ಬ್ರಿಟನ್ನಿನ ಟೋನಿ ಹೋರ್. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ರಷ್ಯನ್ ವಾಕ್ಯಗಳ ಪದಗಳನ್ನು ನಿಘಂಟಿನಲ್ಲಿ ಹುಡುಕುವ ಮುನ್ನ ಅಕಾರಾದಿಯಾಗಿ ಜೋಡಿಸಿಕೊಳ್ಳಬೇಕಾಗಿ ಬಂದಾಗ ಹೊಳೆದ ಉಪಾಯ ಅದು, ಪ್ರಕಟವಾದದ್ದು 1961ರಲ್ಲಿ. ಉತ್ತರಪತ್ರಿಕೆಗಳ ಕಟ್ಟನ್ನು ನೋಂದಣಿ ಸಂಖ್ಯೆಯ ಪ್ರಕಾರ ಜೋಡಿಸುವ ಮೇಷ್ಟ್ರನ್ನು ನೆನೆಸಿಕೊಳ್ಳಿ. ಒಂದು ಪತ್ರಿಕೆ ಎತ್ತಿಕೊಂಡು, ಅದಕ್ಕಿಂತ ಚಿಕ್ಕ ಸಂಖ್ಯೆಯವನ್ನು ಎಡಕ್ಕೆ, ದೊಡ್ಡವನ್ನು ಬಲಕ್ಕೆ ಹಾಕುತ್ತಾರೆ. ಕೈಯಲ್ಲಿದ್ದ ಪತ್ರಿಕೆಯೇ ಪಿವಟ್. ಅದರ ಜಾಗ ಅಲ್ಲಿಗೆ ಖಾಯಂ. ಆಮೇಲೆ ಎರಡೂ ಗುಡ್ಡೆಗಳಿಗೆ ಇದೇ ಉಪಚಾರ. ಗುಡ್ಡೆಗಳು ಹೆಚ್ಚುಕಡಿಮೆ ಸಮನಾಗಿ ಒಡೆದರೆ ಕೆಲಸ ಬೇಗ ಮುಗಿಯುತ್ತದೆ.

ಈಗ 1, 2, 3, 4, 5ನ್ನು ನೋಡಿ. ಪಿವಟ್ 1. ಉಳಿದ ನಾಲ್ಕನ್ನೂ ಅದರೊಂದಿಗೆ ಹೋಲಿಸಿದ್ದಾಯಿತು. ನಾಲ್ಕೂ ಬಲಕ್ಕೇ ಹೋದವು, ಎಡಗಡೆ ಖಾಲಿ. ಮುಂದಿನ ಪಿವಟ್ 2, ಮೂರು ಹೋಲಿಕೆ, ಮತ್ತೆ ಎಲ್ಲವೂ ಬಲಕ್ಕೆ. ಹೀಗೆ 4+3+2+1, ಒಟ್ಟು 10. ಎರಡನೆಯ ಪಟ್ಟಿಯಲ್ಲಿ ಪಿವಟ್ 4. ಮೊದಲ ಸುತ್ತಿಗೆ ನಾಲ್ಕು ಹೋಲಿಕೆ, ಎಡಕ್ಕೆ 1, 3, 2, ಬಲಕ್ಕೆ 5. ಎಡಗುಡ್ಡೆಯಲ್ಲಿ 1 ಪಿವಟ್ ಆದಾಗ ಎರಡು ಹೋಲಿಕೆ, ಉಳಿದ 3 ಮತ್ತು 2ಕ್ಕೆ ಒಂದು. ಒಟ್ಟು 7. ಪಾಲು ಮಾಡುವಾಗ ಸಂಖ್ಯೆಗಳು ಅದಲುಬದಲಾಗಿ ಎಡಗುಡ್ಡೆ 2, 1, 3 ಎಂದು ನಿಂತರೆ 6ಕ್ಕೇ ಮುಗಿಯುತ್ತದೆ. ಪ್ರಶ್ನೆ ತೆಗೆದವರು ಹೋಲಿಕೆಗಳ ಲೆಕ್ಕ ಕೇಳದೆ ಯಾವುದು ಹೆಚ್ಚು ಎಂದಷ್ಟೇ ಕೇಳಿದ್ದು ಜಾಣತನ: 6 ಆಗಲಿ 7 ಆಗಲಿ, 10ಕ್ಕಿಂತ ಕಡಿಮೆಯೇ.

ಐದು ಸಂಖ್ಯೆಗಳಲ್ಲಿ ಈ ವ್ಯತ್ಯಾಸ ನಗಣ್ಯ. ಸಾವಿರಕ್ಕೆ ಹೋದರೆ ಕಣ್ಣಿಗೆ ಹೊಡೆಯುತ್ತದೆ: ಅಡ್ಡಾದಿಡ್ಡಿ ಪಟ್ಟಿಗೆ ಸರಾಸರಿ ಸುಮಾರು 11,000 ಹೋಲಿಕೆ, ಜೋಡಿಸಿಟ್ಟ ಪಟ್ಟಿಗೆ 4,99,500. ಇಳಿಕೆಯ ಕ್ರಮದ ಪಟ್ಟಿಗೂ ಇದೇ ಗತಿ. ನಿಜ ಜೀವನದಲ್ಲಿ ಆಗಲೇ ಜೋಡಿಸಿದ ಪಟ್ಟಿ ಬರುವುದೇನೂ ಅಪರೂಪವಲ್ಲ ಎಂಬುದೇ ಇಲ್ಲಿನ ತೊಡಕು.

ಹಾಗಾದರೆ ನಟ್ಟನಡುವಿನ ಪಿವಟ್ಟೇ ಸಿಗಬೇಕೆ? ಬೇಕಿಲ್ಲ. 2009ರ ಗೇಟ್ ಪ್ರಶ್ನೆಯಲ್ಲಿ ಪ್ರತಿ ಸುತ್ತಿನಲ್ಲೂ ಕೆಳಗಿನಿಂದ ಕಾಲುಭಾಗದ ಸ್ಥಾನದಲ್ಲಿರುವ ಸಂಖ್ಯೆಯೇ ಪಿವಟ್. ಅದನ್ನು ಹುಡುಕಲು n ಪ್ರಮಾಣದ ಸಮಯ ಸಾಕು. ಗುಡ್ಡೆಗಳು ಕಾಲು, ಮುಕ್ಕಾಲಾಗಿ ಒಡೆಯುತ್ತವೆ. ಪಾಲು ಓರೆಯಾಗಿದೆ, ನಿಜ. ಆದರೆ ದೊಡ್ಡ ಗುಡ್ಡೆಯೂ ಪ್ರತಿಸಲ ಕಾಲುಭಾಗ ಕರಗುತ್ತದೆ. ಸಾವಿರವಿದ್ದದ್ದು ಸುಮಾರು 24 ಸುತ್ತಿನಲ್ಲಿ ಒಂದಕ್ಕೆ ಇಳಿಯುತ್ತದೆ. ಜೋಡಿಸಿಟ್ಟ ಪಟ್ಟಿಯಲ್ಲಿ ಮೊದಲ ಸಂಖ್ಯೆ ಹಿಡಿದು ಹೊರಟವನಿಗೆ 999 ಸುತ್ತು ಬೇಕಿತ್ತು. ಅದಕ್ಕೇ ಕಾಲುಭಾಗದ ಪಿವಟ್ಟಿಗೆ ಕೆಟ್ಟ ಸ್ಥಿತಿಯಲ್ಲೂ ಉತ್ತರ n log n.

ಚೀಟಿ ಎತ್ತಿದಂತೆ ಪಿವಟ್ ಆರಿಸುವುದು ಇನ್ನೊಂದು ದಾರಿ. 2019ರಲ್ಲಿ ಕೇಳಿದ್ದು: ಬೇರೆಬೇರೆ 25 ಸಂಖ್ಯೆಗಳಿದ್ದಾಗ ಹೀಗೆ ಆರಿಸಿದ ಪಿವಟ್ ಮೊದಲ ಸುತ್ತಿನಲ್ಲೇ ಅತಿ ಕೆಟ್ಟ ಜಾಗಕ್ಕೆ ಹೋಗುವ ಸಂಭವ ಎಷ್ಟು? ಕೆಟ್ಟ ಜಾಗ ಎರಡೇ, ಎರಡು ತುದಿಗಳು. ಹಾಗಾಗಿ 2/25, ಅಂದರೆ 0.08. ಒಂದರ ಬದಲು ಎರಡು ತುದಿಗಳನ್ನೂ ಎಣಿಸಲು ಮರೆತವರು 0.04 ಬರೆದಿರಬೇಕು. ಇಲ್ಲಿ ಇನ್ನೊಂದು ಎಡವಟ್ಟೂ ಕಾದಿರುತ್ತದೆ: ಯಾದೃಚ್ಛಿಕ ಪಿವಟ್ ಬಂದರೆ ಕೆಟ್ಟ ಸ್ಥಿತಿಯೇ ಇಲ್ಲವೆಂದು ಗುರುತು ಹಾಕುವುದು. ಅದೃಷ್ಟ ಪ್ರತಿ ಸುತ್ತಿನಲ್ಲೂ ಕೈಕೊಟ್ಟರೆ n ವರ್ಗದಷ್ಟೇ ಸಮಯ ಹಿಡಿಯುತ್ತದೆ. ಬದಲಾಗುವುದು ಇಷ್ಟೇ: ಯಾವುದೇ ಒಂದು ಪಟ್ಟಿ ಕಾಯಂ ಶತ್ರುವಾಗಿ ಉಳಿಯುವುದಿಲ್ಲ.

ಅದಕ್ಕೂ ಒಂದು ಅಪವಾದ ಉಂಟು. 7, 7, 7, 7, 7 ಎಂಬ ಪಟ್ಟಿ ಕೊಟ್ಟು, ಪಿವಟ್ಟಿಗಿಂತ ಚಿಕ್ಕದ್ದು ಮಾತ್ರ ಎಡಕ್ಕೆ, ಉಳಿದದ್ದೆಲ್ಲ ಬಲಕ್ಕೆ ಎಂಬ ನಿಯಮ ಇಟ್ಟು ನೋಡಿ. ಯಾವ 7ನ್ನು ಎತ್ತಿದರೂ ಮಿಕ್ಕ ನಾಲ್ಕು ಬಲಕ್ಕೇ ಬೀಳುತ್ತವೆ. ಮತ್ತೆ ಅದೇ 10 ಹೋಲಿಕೆ. ಇಲ್ಲಿ ಪಿವಟ್ ಬದಲಿಸಿ ಪ್ರಯೋಜನವಿಲ್ಲ, ಪಾಲು ಮಾಡುವ ಕ್ರಮವನ್ನೇ ಬದಲಿಸಬೇಕು. ಚಿಕ್ಕದು, ಸಮ, ದೊಡ್ಡದು ಎಂದು ಮೂರು ಗುಡ್ಡೆ ಮಾಡಿದರೆ ಐದೂ ಏಳುಗಳು ಒಂದೇ ಸುತ್ತಿಗೆ ತಮ್ಮ ಜಾಗ ಸೇರುತ್ತವೆ.