ಫ್ಯೂ ಬೇರೆ, ಎ ಫ್ಯೂ ಬೇರೆ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿ ಎಂದಿಟ್ಟುಕೊಳ್ಳಿ. ಹೊಸ ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದೆಯೇ ಎಂದು 200 ಟೆಸ್ಟ್ ಮಾಡಿದ್ದಾರೆ, 9 ಫೇಲಾಗಿವೆ. ಲಂಡನ್ನಿನ ಗ್ರಾಹಕರಿಗೆ ಸಂಜೆ ಇಂಗ್ಲಿಷಿನಲ್ಲಿ ಮೇಲ್ ಹೋಗುತ್ತದೆ: ‘ಫ್ಯೂ ಟೆಸ್ಟ್ಸ್ ಫೇಲ್ಡ್.’ ಬರೆದವರ ಮನಸ್ಸಿನಲ್ಲಿದ್ದದ್ದು ‘ಕೆಲವು ಟೆಸ್ಟ್ ಫೇಲಾಗಿವೆ, ಒಮ್ಮೆ ನೋಡಬೇಕು’ ಎಂಬ ಎಚ್ಚರಿಕೆ. ಓದಿದವರಿಗೆ ಮುಟ್ಟಿದ್ದು ‘ಫೇಲಾದದ್ದು ಹೆಚ್ಚೇನಿಲ್ಲ ಬಿಡಿ’ ಎಂಬ ಸಮಾಧಾನ. ಅವರು ಪ್ರೋಗ್ರಾಮನ್ನು ಮರುದಿನವೇ ಬಿಡುಗಡೆ ಮಾಡಿ ಎಂದರೆ ತಪ್ಪು ಅವರದಲ್ಲ. ಮೇಲ್‌ನಲ್ಲಿ ಬಿಟ್ಟುಹೋದದ್ದು ಒಂದೇ ಅಕ್ಷರ, ಫ್ಯೂ ಪದದ ಮುಂದಿರಬೇಕಾಗಿದ್ದ ‘ಎ’.

ಕನ್ನಡದಲ್ಲಿ ಇಂಗ್ಲಿಷಿನ ‘ಎ’, ‘ದಿ’ಗಳಂಥ ಪದಗಳಿಲ್ಲ. ಹಾಗಾಗಿ ಇಂಗ್ಲಿಷ್ ಮಾತಾಡುವಾಗ ಅವು ನಮ್ಮ ಬಾಯಿಂದ ಸುಲಭವಾಗಿ ಜಾರಿಹೋಗುತ್ತವೆ. ‘ಐ ಬಾಟ್ ಕಾರ್’ ಎಂದರೆ ವ್ಯಾಕರಣ ತಪ್ಪಾದರೂ ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ಫ್ಯೂ, ಲಿಟಲ್ ಎಂಬ ಎರಡು ಪದಗಳ ಮುಂದೆ ‘ಎ’ ಬಿಟ್ಟರೆ ವಾಕ್ಯ ತಪ್ಪಾಗುವುದೇ ಇಲ್ಲ. ಅದು ಸರಿಯಾದ ಇನ್ನೊಂದು ವಾಕ್ಯವಾಗಿ, ಹೆಚ್ಚುಕಡಿಮೆ ಎದುರು ಅರ್ಥ ಕೊಡುತ್ತದೆ. ಕೇಳುವವರಿಗೆ ಅನುಮಾನವೂ ಬರುವುದಿಲ್ಲ, ಆದ್ದರಿಂದ ಯಾರೂ ತಿದ್ದುವುದೂ ಇಲ್ಲ.

ಈ ಗುಂಪಿನ ಪದಗಳಲ್ಲಿ ಶಾಲೆಯಲ್ಲಿ ನಾವು ಹೆಚ್ಚು ಉರುಹೊಡೆದದ್ದು ಎಣಿಕೆಯ ನಿಯಮ. ಎಣಿಸಬಹುದಾದದ್ದಕ್ಕೆ ಮೆನಿ ಮತ್ತು ಫ್ಯೂ, ಎಣಿಸಲಾಗದ್ದಕ್ಕೆ ಮಚ್ ಮತ್ತು ಲಿಟಲ್. ಪುಸ್ತಕಗಳಾದರೆ ಮೆನಿ, ಹಾಲಾದರೆ ಮಚ್. ಕನ್ನಡದ ‘ಎಷ್ಟು’, ‘ತುಂಬ’, ‘ಸ್ವಲ್ಪ’ಗಳು ಜನಕ್ಕೂ ಸೈ, ಹಾಲಿಗೂ ಸೈ. ನಾವು ಎಡವುವುದು ನಮಗೆ ಎಣಿಕೆಗೆ ಸಿಗುವ ವಸ್ತು ಇಂಗ್ಲಿಷಿನಲ್ಲಿ ಸಿಗದಿರುವ ಕಡೆ. ನಾವು ನಾಲ್ಕು ಸಲಹೆ ಕೊಡುತ್ತೇವೆ, ಎರಡು ಸುದ್ದಿ ಹೇಳುತ್ತೇವೆ. ಇಂಗ್ಲಿಷಿನ ಅಡ್ವೈಸ್, ನ್ಯೂಸ್, ಇನ್ಫರ್ಮೇಷನ್, ಫರ್ನಿಚರ್, ಲಗೇಜ್ ಇವೆಲ್ಲ ಎಣಿಕೆಗೆ ಬಾರದ ಪದಗಳು, ಅವಕ್ಕೆ ಮಚ್ ಅಥವಾ ಲಿಟಲ್ ಬೇಕು. ಇದರಲ್ಲಿ ತಪ್ಪಿದರೆ ಕಿವಿಗೆ ಒರಟಾಗಿ ಕೇಳುತ್ತದೆ, ಅಷ್ಟೇ. ಮಾತಿನ ಅರ್ಥ ಕೆಡುವುದಿಲ್ಲ. ಅರ್ಥ ಕೆಡುವುದು ‘ಎ’ ಇದೆಯೋ ಇಲ್ಲವೋ ಎಂಬಲ್ಲಿ, ಶಾಲೆಯಲ್ಲಿ ನಾವು ಒಂದು ಸಾಲಿನಲ್ಲಿ ಮುಗಿಸಿ ಮುಂದಿನ ಪಾಠಕ್ಕೆ ಹೋದ ಜಾಗದಲ್ಲಿ.

ಫ್ಯೂ ಎಂದರೆ ಎ ಫ್ಯೂಗಿಂತ ಕಡಿಮೆ ಸಂಖ್ಯೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಮೇಲ್‌ನಲ್ಲಿ ಎರಡಕ್ಕೂ ಸಂಖ್ಯೆ ಅದೇ 9. ಬದಲಾಗುವುದು ಮಾತಿನ ದಿಕ್ಕು. ‘ಎ ಫ್ಯೂ ಟೆಸ್ಟ್ಸ್ ಫೇಲ್ಡ್’ ಎಂದಾಗ ಕೇಳುವವರ ಕಣ್ಣು ಫೇಲಾದ ಆ ಒಂಬತ್ತರ ಮೇಲೆ ಬೀಳುತ್ತದೆ: ಅವು ಯಾವುವು, ಯಾಕೆ ಫೇಲಾದವು? ‘ಫ್ಯೂ ಟೆಸ್ಟ್ಸ್ ಫೇಲ್ಡ್’ ಎಂದಾಗ ಕಣ್ಣು ಹೋಗುವುದು ಉಳಿದ 191ರ ಕಡೆಗೆ: ಎಲ್ಲ ಹೆಚ್ಚುಕಡಿಮೆ ಪಾಸಾಗಿದೆಯಲ್ಲ!

ಇದು ಬರಿಯ ಊಹೆಯಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದ ಲಿಂಡಾ ಮಾಕ್ಸಿ ಮತ್ತು ಆಂಥನಿ ಸ್ಯಾನ್‌ಫರ್ಡ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಅವರ ಉಪಾಯ ಸರಳ. ಈ ಪದಗಳಲ್ಲೊಂದು ಇರುವ ಒಂದು ವಾಕ್ಯ ಕೊಟ್ಟು, ಮುಂದಿನ ವಾಕ್ಯವನ್ನು ‘ದೇ’ ಎಂದು, ಅಂದರೆ ‘ಅವರು’ ಎಂದು ಶುರುಮಾಡಿ, ಅದನ್ನು ಪೂರ್ತಿ ಮಾಡಲು ಓದುಗರಿಗೇ ಬಿಡುವುದು. ಮ್ಯಾಚ್ ನೋಡಲು ಹೋದ ಅಭಿಮಾನಿಗಳ ಬಗ್ಗೆ ವಾಕ್ಯ ಎನ್ನೋಣ. ಎ ಫ್ಯೂ ಅಭಿಮಾನಿಗಳು ಹೋದರು ಎಂದಿದ್ದರೆ, ‘ಅವರು ಕೂಗಿ ಕುಣಿದರು’ ಎಂಬ ಧಾಟಿಯಲ್ಲಿ, ಹೋದವರ ಬಗ್ಗೆ ವಾಕ್ಯ ಮುಂದುವರಿಯುತ್ತದೆ. ಫ್ಯೂ ಎಂದಿದ್ದರೆ ‘ಅವರು ಮನೆಯಲ್ಲೇ ಟೀವಿಯಲ್ಲಿ ನೋಡಿದರು’ ಎಂಬಂಥ ಉತ್ತರಗಳು ಬರುತ್ತವೆ. ವಾಕ್ಯದಲ್ಲಿ ಹೆಸರೇ ಎತ್ತದ, ಮ್ಯಾಚಿಗೆ ಹೋಗದೆ ಉಳಿದ ಜನರೇ ಓದುಗರ ಮನಸ್ಸಿನಲ್ಲಿ ‘ಅವರು’ ಆಗಿಬಿಡುತ್ತಾರೆ. ಯಾಕೆ ಹೋಗಲಿಲ್ಲ ಎಂಬ ಕಾರಣವೂ ಅದರ ಹಿಂದೆಯೇ ಬರುತ್ತದೆ.

ಹೀಗಾಗಲು ಕಾರಣ, ಫ್ಯೂ ಮತ್ತು ಲಿಟಲ್ ಒಳಗೊಳಗೇ ‘ಇಲ್ಲ’ ಎನ್ನುವ ಪದಗಳು. ವಾಕ್ಯದಲ್ಲಿ ‘ನಾಟ್’ ಇರುವುದಿಲ್ಲ, ಆದರೂ ವ್ಯಾಕರಣ ಅದನ್ನು ನಿಷೇಧ ವಾಕ್ಯವೆಂದೇ ನಡೆಸಿಕೊಳ್ಳುತ್ತದೆ. ಭಾಷಾವಿಜ್ಞಾನಿ ಎಡ್ವರ್ಡ್ ಕ್ಲೈಮಾ 1964ರಲ್ಲಿ ಇಂಗ್ಲಿಷಿನ ನಿಷೇಧದ ಬಗ್ಗೆ ಬರೆದ ದೊಡ್ಡ ಲೇಖನದಲ್ಲಿ ಇಂಥದ್ದನ್ನು ಪತ್ತೆಮಾಡುವ ಪರೀಕ್ಷೆಗಳನ್ನು ಮುಂದಿಟ್ಟರು. ಅವುಗಳಲ್ಲೊಂದನ್ನು ನಾವೂ ಮಾಡಿ ನೋಡಬಹುದು. ವಾಕ್ಯದ ಕೊನೆಗೆ ‘ಅಲ್ಲವೇ?’ ಎಂಬ ಬಾಲ ಅಂಟಿಸಬೇಕು. ಇಂಗ್ಲಿಷಿನಲ್ಲಿ ಮಾತು ‘ಹೌದು’ ಎಂದಿದ್ದರೆ ಬಾಲ ‘ಇಲ್ಲ’ ಎಂದಿರುತ್ತದೆ, ಮಾತು ‘ಇಲ್ಲ’ ಎಂದಿದ್ದರೆ ಬಾಲ ‘ಹೌದು’. ‘ಎ ಫ್ಯೂ ಪೀಪಲ್ ಕೇಮ್’ ಎಂಬುದಕ್ಕೆ ಸಿಗುವ ಬಾಲ ‘ಡಿಡಂಟ್ ದೇ?’ ‘ಫ್ಯೂ ಪೀಪಲ್ ಕೇಮ್’ ಎಂಬುದಕ್ಕೆ ಸಹಜವಾಗಿ ಬರುವುದು ‘ಡಿಡ್ ದೇ?’ ಅಂದರೆ ಇಂಗ್ಲಿಷ್ ಕಿವಿಗೆ ಮೊದಲನೆಯದು ‘ಬಂದರು’ ಎಂಬ ಸುದ್ದಿ, ಎರಡನೆಯದು ‘ಬರಲಿಲ್ಲ’ ಎಂಬ ಸುದ್ದಿ.

ಲಿಟಲ್ ಪದದ್ದೂ ಇದೇ ಕಥೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಯೊಬ್ಬಳು ‘ಐ ನೋ ಲಿಟಲ್ ಹಿಂದಿ’ ಎಂದು ಬರೆದರೆ, ಹಿಂದಿ ತನಗೆ ಬಾರದು ಎಂದು ತಾನೇ ಒಪ್ಪಿಕೊಂಡಂತೆ. ‘ಎ ಲಿಟಲ್ ಹಿಂದಿ’ ಎಂದಿದ್ದರೆ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತದೆ ಎಂಬ ಭರವಸೆ ಕೊಟ್ಟಂತೆ. ಅವಳ ಹಿಂದಿ ಎರಡೂ ಕಡೆ ಅಷ್ಟೇ, ಕೆಲಸ ಸಿಗುವ ಸಾಧ್ಯತೆ ಮಾತ್ರ ಬೇರೆ. ಲಿಟಲ್ ಎಷ್ಟು ಗಟ್ಟಿಯಾಗಿ ‘ಇಲ್ಲ’ ಎನ್ನಬಲ್ಲದು ಎಂಬುದಕ್ಕೆ ಇಂಗ್ಲಿಷ್ ಕಥೆಗಳಲ್ಲಿ ಪದೇಪದೇ ಬರುವ ‘ಲಿಟಲ್ ಡಿಡ್ ಐ ನೋ’ ಎಂಬ ಮಾತು ಸಾಕ್ಷಿ. ಅದರರ್ಥ ಸ್ವಲ್ಪ ಗೊತ್ತಿತ್ತು ಎಂದಲ್ಲ, ಗೊತ್ತೇ ಇರಲಿಲ್ಲ ಎಂದು.

ಹಾಗಾದರೆ ಫ್ಯೂ ಎಂದರೆ ಕೊನೆಗೂ ಎಷ್ಟು? ಇದಕ್ಕೆ ಇತಿಹಾಸದಲ್ಲೊಂದು ಹೆಸರಾಂತ ಉದಾಹರಣೆ ಇದೆ. 1940ರ ಆಗಸ್ಟ್ 20ರಂದು ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್, ಜರ್ಮನಿಯ ವಿಮಾನಗಳನ್ನು ತಡೆಯುತ್ತಿದ್ದ ತಮ್ಮ ವಾಯುಪಡೆಯವರನ್ನು ಸಂಸತ್ತಿನಲ್ಲಿ ಹೊಗಳಿದರು. ಇಷ್ಟು ದೊಡ್ಡ ಋಣವನ್ನು, ಇಷ್ಟೊಂದು ಜನ, ಇಷ್ಟೇ ಇಷ್ಟು ಮಂದಿಗೆ ಎಂದೂ ಹೊತ್ತಿರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಅದೊಂದೇ ವಾಕ್ಯದಲ್ಲಿ ಋಣಕ್ಕೆ ಮಚ್, ದೇಶದ ಜನಕ್ಕೆ ಮೆನಿ, ವಾಯುಪಡೆಯವರಿಗೆ ಫ್ಯೂ, ಮೂರೂ ತಮ್ಮ ತಮ್ಮ ಜಾಗದಲ್ಲಿ ಬಂದಿವೆ. ಮುಂದೆ ಆ ವೈಮಾನಿಕರಿಗೆ ‘ದಿ ಫ್ಯೂ’ ಎಂಬ ಹೆಸರೇ ಉಳಿಯಿತು. ಅವರ ಸಂಖ್ಯೆ ಸುಮಾರು 3,000. ಮದುವೆಗೆ 3,000 ಜನ ಬಂದರೆ ಯಾರೂ ಫ್ಯೂ ಎನ್ನುವುದಿಲ್ಲ. ಆದರೆ ಇಡೀ ದೇಶವನ್ನು ಕಾಯಲು ಎಷ್ಟು ಜನ ಬೇಕಾದೀತು ಎಂಬ ನಿರೀಕ್ಷೆಯ ಎದುರು 3,000 ಕಡಿಮೆಯೇ. ಮೆನಿ, ಫ್ಯೂಗಳು ಅಳೆಯುವುದು ನಿರೀಕ್ಷೆಗೆ ಹೋಲಿಸಿ. ಫ್ಯೂ ಎಂದಾಕ್ಷಣ ‘ಇದಕ್ಕಿಂತ ಹೆಚ್ಚಿರಬೇಕಿತ್ತು’ ಅಥವಾ ‘ಹೆಚ್ಚಿರಬಹುದಿತ್ತು’ ಎಂಬ ಮಾತು ಹೇಳದೆಯೇ ಸೇರಿಕೊಳ್ಳುತ್ತದೆ.

‘ಎ’ ಇಲ್ಲದ ಫ್ಯೂ ಎಲ್ಲ ಕಡೆಯೂ ‘ಇಲ್ಲ’ ಎನ್ನುತ್ತದೆಯೇ? ಇಲ್ಲ, ಗೊಂದಲ ಹುಟ್ಟುವುದೂ ಇಲ್ಲಿಂದಲೇ. ‘ದಿ ನೆಕ್ಸ್ಟ್ ಫ್ಯೂ ಡೇಸ್’ ಎಂದರೆ ಮುಂದಿನ ಕೆಲವು ದಿನಗಳು, ‘ಎವ್ರಿ ಫ್ಯೂ ಮಿನಿಟ್ಸ್’ ಎಂದರೆ ಕೆಲವು ನಿಮಿಷಗಳಿಗೊಮ್ಮೆ. ಇವುಗಳಲ್ಲಿ ಕೊರತೆಯ ಛಾಯೆ ಇಲ್ಲ, ಯಾಕೆಂದರೆ ಫ್ಯೂ ಪದದ ಮುಂದೆ ‘ದಿ ನೆಕ್ಸ್ಟ್’, ‘ಎವ್ರಿ’ಗಳಂಥ ಬೇರೆ ಪದಗಳು ಬಂದು ‘ಎ’ಗೆ ಜಾಗವೇ ಉಳಿದಿಲ್ಲ. ಮೀಟಿಂಗು, ಮೇಲ್‌ಗಳಲ್ಲಿ ಇವನ್ನೇ ಕೇಳಿ ಕೇಳಿ, ಫ್ಯೂ ಎಂದರೆ ‘ಕೆಲವು’ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಡುತ್ತದೆ. ಇನ್ನು ‘ಓನ್ಲಿ ಎ ಫ್ಯೂ’ ಎಂದರೆ ‘ಎ’ ಇದ್ದರೂ ‘ಕೆಲವೇ’ ಎಂಬ ಕೊರತೆಯ ಅರ್ಥ. ‘ಕ್ವೈಟ್ ಎ ಫ್ಯೂ’ ಎಂದರೆ ಕೆಲವೂ ಅಲ್ಲ, ಸಾಕಷ್ಟು. ಗ್ರಾಹಕರು ‘ಕ್ವೈಟ್ ಎ ಫ್ಯೂ ಕಂಪ್ಲೇಂಟ್ಸ್’ ಬಂದಿವೆ ಎಂದರೆ ನಿರಾಳವಾಗಿ ಕೂರುವ ಹಾಗಿಲ್ಲ.

‘ಕೆಲವೇ’ ಎಂದೆವಲ್ಲ, ಕನ್ನಡದವರಿಗೆ ದಾರಿ ಸಿಗುವುದು ಅಲ್ಲೇ. ಫ್ಯೂ, ಎ ಫ್ಯೂಗಳ ವ್ಯತ್ಯಾಸ ನಮಗೆ ಹೊಸದೇನಲ್ಲ. ‘ಕೆಲವರು ಬಂದರು’ ಮತ್ತು ‘ಕೆಲವರೇ ಬಂದರು’ ಒಂದೇ ಅಲ್ಲವೆಂದು ಮಕ್ಕಳಿಗೂ ಗೊತ್ತು. ‘ಡಬ್ಬಿಯಲ್ಲಿ ಸ್ವಲ್ಪ ಸಕ್ಕರೆ ಇದೆ’ ಎಂದರೆ ಕಾಫಿ ಆಗುತ್ತದೆ. ‘ಸ್ವಲ್ಪವೇ ಇದೆ’ ಎಂದರೆ ಯಾರಾದರೂ ಅಂಗಡಿಗೆ ಹೋಗಬೇಕು. ನಾವು ಕೊರತೆ ಹೇಳಲು ಪದಕ್ಕೆ ‘ಏ’ ಸೇರಿಸುತ್ತೇವೆ, ಇಂಗ್ಲಿಷಿನವರು ಪದದ ಮುಂದಿನ ‘ಎ’ ತೆಗೆಯುತ್ತಾರೆ. ಮಾತಾಡುವಾಗ ತಲೆಕೆಳಗಾಗುವುದಕ್ಕೆ ಇದೂ ಒಂದು ಕಾರಣ. ಏನೂ ಸೇರಿಸದ ನಮ್ಮ ಸಾದಾ ‘ಕೆಲವು’ ಏನೂ ಸೇರಿಸದ ‘ಫ್ಯೂ’ಗೆ ಸಮ ಎಂದು ಅನ್ನಿಸುತ್ತದೆ. ನಿಜವಾಗಿ ಅದಕ್ಕೆ ಸಮನಾದದ್ದು ‘ಎ ಫ್ಯೂ’.

ಬರೆಯುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡು, ‘ಹೆಚ್ಚೇನಿಲ್ಲ’ ಎಂಬ ಮಾತು ಅಲ್ಲಿ ಹೊಂದುತ್ತದೆಯೇ ಎಂದು ನೋಡಬಹುದು. ‘ನನ್ನ ಹತ್ತಿರ ಪ್ರಶ್ನೆಗಳು ಹೆಚ್ಚೇನಿಲ್ಲ’ ಎಂಬುದು ನಿಮ್ಮ ಅಭಿಪ್ರಾಯವಾದರೆ ಮಾತ್ರ ‘ಐ ಹ್ಯಾವ್ ಫ್ಯೂ ಕ್ವೆಶ್ಚನ್ಸ್’ ಸರಿ. ಕೇಳಲು ಒಂದೆರಡು ಪ್ರಶ್ನೆ ಇವೆ ಎಂದಾದರೆ ‘ಎ ಫ್ಯೂ’ ಬೇಕೇ ಬೇಕು. ಇನ್ನೊಂದು ಸಂಗತಿ, ಇಂಗ್ಲಿಷ್ ಮನೆಮಾತಿನವರೇ ಹರಟೆಯಲ್ಲಿ ಬರಿಯ ಫ್ಯೂ, ಲಿಟಲ್‌ಗಳನ್ನು ಕೊರತೆಗೆ ಬಳಸುವುದು ಕಡಿಮೆ. ಅವು ಸ್ವಲ್ಪ ಗ್ರಾಂಥಿಕವಾಗಿ ಕೇಳುತ್ತವೆ. ಅವರು ‘ನಾಟ್ ಮೆನಿ’, ‘ನಾಟ್ ಮಚ್’ ಎನ್ನುತ್ತಾರೆ, ಇಲ್ಲವೇ ‘ವೆರಿ’ ಸೇರಿಸಿ ‘ವೆರಿ ಫ್ಯೂ’ ಎನ್ನುತ್ತಾರೆ. ನಾವೂ ಹಾಗೆಯೇ ಮಾಡಿದರೆ ಕೊರತೆಯ ಮಾತು ಬಿಡಿಸಿಟ್ಟಂತೆ ಇರುತ್ತದೆ, ‘ಎ’ ಬಿಟ್ಟುಹೋದರೆ ಎಂಬ ಅಂಜಿಕೆಯೂ ಇರುವುದಿಲ್ಲ. ಇನ್ನು ಲೆಕ್ಕ ಕೈಯಲ್ಲೇ ಇದ್ದರೆ ಈ ಪದಗಳ ಗೊಡವೆಯೂ ಬೇಡ: 200 ಟೆಸ್ಟಿನಲ್ಲಿ 9 ಫೇಲಾಗಿವೆ ಎಂದೇ ಬರೆದರಾಯಿತು. ಅದು ಹೆಚ್ಚೋ ಕಡಿಮೆಯೋ ಎಂಬುದನ್ನು ಓದಿದವರೇ ತೀರ್ಮಾನಿಸುತ್ತಾರೆ.